ಕಂತು, ಅಸಲು, ಬಡ್ಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಹತ್ತಿರ ಒಂದು ಸಹಕಾರ ಸಂಘದಲ್ಲಿ ಬಹಳ ವರ್ಷ ಲೆಕ್ಕ ಬರೆದವನು ನಾನು. ಈಗ ಸಂಜೆ ಹೊತ್ತು ಬಿ.ಕಾಂ. ಮಕ್ಕಳಿಗೆ ಪಾಠ ಹೇಳುತ್ತೇನೆ. ಮಕ್ಕಳು ಪರೀಕ್ಷೆಗೆ ಕೇಳುವುದನ್ನೇ ಡೇರಿಗೆ ಹಾಲು ಹಾಕಲು ಬಂದವರು ಸಾಲಕ್ಕೆ ಕೇಳುತ್ತಾರೆ. ಮಾತು ಬೇರೆ, ಲೆಕ್ಕ ಒಂದೇ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಗೊಂದಲ ಬೇಡವೆಂದು ಹೆಚ್ಚಿನ ಕಡೆ ಒಂದೇ ಸಾಲವನ್ನು ಹಿಡಿದುಕೊಂಡಿದ್ದೇನೆ: ಹಸು ತರಲು ಒಂದು ಲಕ್ಷ ರೂಪಾಯಿ, ವರ್ಷಕ್ಕೆ ಶೇಕಡಾ 12 ಬಡ್ಡಿ, 12 ತಿಂಗಳ ಕಂತು. ಶೇಕಡಾ 12 ಯಾವ ಬ್ಯಾಂಕಿನ ದರವೂ ಅಲ್ಲ. ತಿಂಗಳಿಗೆ ಸರಿಯಾಗಿ 1 ಬರುತ್ತದೆ, ಲೆಕ್ಕ ಸುಲಭ, ಅಷ್ಟೇ.

### ಮೊದಲ ಮೆಟ್ಟಿಲು

ಇವತ್ತಿನ ಹತ್ತು ಸಾವಿರಕ್ಕೂ ಮುಂದಿನ ತಿಂಗಳ ಹತ್ತು ಸಾವಿರಕ್ಕೂ ಏನು ವ್ಯತ್ಯಾಸ ಸಾರ್? ನೋಟು ಅದೇ ಅಲ್ವಾ?

ನೋಟು ಅದೇ. ಆದರೆ ಇವತ್ತು ಕೈಯಲ್ಲಿರುವ ನೋಟಿಗೆ ಒಂದು ತಿಂಗಳು ದುಡಿಯುವ ಅವಕಾಶ ಇದೆ. ಬೆಲೆ ಏರಿಕೆ ಇದಕ್ಕೆ ಕಾರಣ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಪೇಟೆಯಲ್ಲಿ ಯಾವ ಬೆಲೆಯೂ ಏರದೆ ಇದ್ದರೂ ಈ ವ್ಯತ್ಯಾಸ ಇದ್ದೇ ಇರುತ್ತದೆ.

ಟೊಮೆಟೊ ಮಂಡಿಯ ಉದಾಹರಣೆ ನೋಡಿ. ನಿಮಗೆ 10,000 ಬರಬೇಕು. ಮಂಡಿಯವರು, "ಮುಂದಿನ ತಿಂಗಳು ಪೂರ್ತಿ ಕೊಡ್ತೀನಿ, ಇವತ್ತೇ ಬೇಕಾದ್ರೆ 9,800 ತಗೊಳ್ಳಿ" ಎನ್ನುತ್ತಾರೆ. ಯಾವುದು ಲಾಭ? ತಿಂಗಳಿಗೆ ಶೇಕಡಾ 1 ನಿಮ್ಮ ದರವಾದರೆ, ಮುಂದಿನ ತಿಂಗಳ 10,000ದ ಇವತ್ತಿನ ಬೆಲೆ 10,000 ÷ 1.01, ಅಂದರೆ 9,901. ಹಾಗಾಗಿ 9,800 ತೆಗೆದುಕೊಂಡರೆ ನೂರು ರೂಪಾಯಿಯಷ್ಟು ನಷ್ಟ. ನಿಮ್ಮ ತಲೆ ಮೇಲೆ ತಿಂಗಳಿಗೆ ಶೇಕಡಾ 2ರ ಕೈಸಾಲ ಇದೆ ಅನ್ನಿ. ಆಗ ಅದೇ ಹಣದ ಇವತ್ತಿನ ಬೆಲೆ 9,804. ಎರಡೂ ಹೆಚ್ಚು ಕಡಿಮೆ ಒಂದೇ. ಇಂದೇ ತೆಗೆದುಕೊಂಡು ಕೈಸಾಲಕ್ಕೆ ಕಟ್ಟಿದರೆ ತಪ್ಪೇನಿಲ್ಲ.

ಹೀಗೆ ಭಾಗಿಸಿ ಸಿಗುವುದನ್ನು ಪ್ರಸಕ್ತ ಮೌಲ್ಯ ಎನ್ನುತ್ತಾರೆ. ಯಾವ ದರದಿಂದ ಭಾಗಿಸಬೇಕು ಎನ್ನುವುದು ಪುಸ್ತಕದಲ್ಲಿ ಸಿಗುವುದಿಲ್ಲ. ಅದು ಅವರವರ ಪರಿಸ್ಥಿತಿ.

ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದ್ರೆ ಶೇಕಡಾ ಎರಡೇ ತಾನೆ? ಬ್ಯಾಂಕ್‌ಗಿಂತ ಕಮ್ಮಿ ಆಯ್ತಲ್ಲ!

ಅದು ತಿಂಗಳ ಬಡ್ಡಿ. ವರ್ಷಕ್ಕೆ 24. ಬ್ಯಾಂಕ್ ಹೇಳುವುದು ವರ್ಷದ ದರ, ಊರಿನಲ್ಲಿ ಹೇಳುವುದು ತಿಂಗಳ ದರ. ಪರೀಕ್ಷೆಯಲ್ಲಿ ಮಕ್ಕಳು ಜಾಸ್ತಿ ಅಂಕ ಕಳೆದುಕೊಳ್ಳುವುದೂ ಇದೇ ಜಾಗದಲ್ಲಿ. ಕಂತು ತಿಂಗಳದ್ದಾದರೆ ದರವೂ ತಿಂಗಳದ್ದೇ ಇರಬೇಕು.

ಆನ್ಯುಯಿಟಿ ಅಂದ್ರೆ ವಿಮೆಯವರು ಕೊಡೋ ಪೆನ್ಷನ್ ಅಲ್ವಾ? ಸಾಲದ ಪಾಠದಲ್ಲಿ ಅದು ಯಾಕೆ ಬರುತ್ತೆ?

ಒಂದೇ ಮೊತ್ತ, ಒಂದೇ ಅಂತರದಲ್ಲಿ, ಗೊತ್ತಾದಷ್ಟು ಸಲ ಬಂದರೆ ಅಥವಾ ಹೋದರೆ ಅದು ಆನ್ಯುಯಿಟಿ. ಪೆನ್ಷನ್ ಅದರ ಒಂದು ಮುಖ ಮಾತ್ರ. ವಿಮೆ ಕಂಪನಿ ನಿಮ್ಮಿಂದ ಇಡಿಗಂಟು ಪಡೆದು ಕಂತು ಕಂತಾಗಿ ವಾಪಸ್ ಕೊಡುತ್ತದೆ. ಸಾಲದಲ್ಲಿ ಇಡಿಗಂಟು ಕೊಡುವುದು ಬ್ಯಾಂಕು, ಕಂತು ಕೊಡುವುದು ನೀವು. ಬ್ಯಾಂಕಿನ ಕುರ್ಚಿಯಲ್ಲಿ ಕೂತು ನೋಡಿದರೆ ನಿಮ್ಮ ಹಸುವಿನ ಸಾಲವೇ ಒಂದು ಪೆನ್ಷನ್.

ತಿಂಗಳ ಕೊನೆಗೆ ಹಣ ಕೈ ಬದಲಾದರೆ ಸಾಮಾನ್ಯ ಆನ್ಯುಯಿಟಿ. ಸಾಲದ ಕಂತು ಹೀಗೆ. ತಿಂಗಳ ಶುರುವಿನಲ್ಲೇ ಕೊಡುವುದಾದರೆ ಮುಂಗಡ ಆನ್ಯುಯಿಟಿ. ಅಂಗಡಿ ಬಾಡಿಗೆ ಹೀಗಿರುತ್ತದೆ. ವ್ಯತ್ಯಾಸ ಸಣ್ಣದು ಎಂದು ಸುಮ್ನೆ ಬಿಡಬೇಡಿ. ಮುಂದೆ ಅದೇ ಕೈ ಕಚ್ಚುತ್ತದೆ.

### ಕಂತಿನ ಪಟ್ಟಿ ಕೈಗೆ ಬಂದ ಮೇಲೆ

ಒಂದು ಲಕ್ಷಕ್ಕೆ ಕಂತು 8,885 ಅಂದ್ರು. ಇದು ಎಲ್ಲಿಂದ ಬಂತು?

ಮುಂದಿನ 12 ಕಂತುಗಳ ಇವತ್ತಿನ ಬೆಲೆ ಕೂಡಿಸಿದರೆ ಸರಿಯಾಗಿ ಒಂದು ಲಕ್ಷ ಆಗಬೇಕು. ಹಾಗೆ ಆಗುವ ಮೊತ್ತ ಒಂದೇ ಒಂದು. ಅದನ್ನು ಹುಡುಕುವ ಸೂತ್ರ ಇದು. P ಸಾಲ, r ತಿಂಗಳ ದರ, n ಕಂತುಗಳ ಸಂಖ್ಯೆ:

```
EMI = P × r / (1 − (1 + r)^−n)
    = 100000 × 0.01 / (1 − 1.01^−12)
    = 1000 / 0.11255
    = 8884.88
```

ಎಕ್ಸೆಲ್ ಇದ್ದರೆ ಒಂದೇ ಸಾಲು ಸಾಕು:

```
=PMT(0.01, 12, -100000)
```

ಇನ್ನು ಪ್ರತಿ ತಿಂಗಳು ಆಗುವುದು ಎರಡೇ ಕೆಲಸ. ಬಾಕಿಯ ಮೇಲೆ ಶೇಕಡಾ 1 ಬಡ್ಡಿ ಹಾಕುತ್ತಾರೆ. ಕಂತಿನಲ್ಲಿ ಆ ಬಡ್ಡಿ ಮುರಿದುಕೊಂಡು ಉಳಿದಿದ್ದನ್ನು ಅಸಲಿಗೆ ಕಳೆಯುತ್ತಾರೆ. ಪಟ್ಟಿಯ ಕೆಲವು ಸಾಲು ಹೀಗಿವೆ:

| ತಿಂಗಳು | ಕಂತು | ಬಡ್ಡಿ | ಅಸಲು | ಬಾಕಿ |
|---|---|---|---|---|
| 1 | 8,885 | 1,000 | 7,885 | 92,115 |
| 2 | 8,885 | 921 | 7,964 | 84,151 |
| 6 | 8,885 | 598 | 8,287 | 51,492 |
| 11 | 8,885 | 175 | 8,710 | 8,796 |
| 12 | 8,884 | 88 | 8,796 | 0 |

ನಿಮ್ಮ ಪಟ್ಟಿ ಸರಿ ಇದೆಯೋ ಇಲ್ಲವೋ ನೋಡಲು ಸೂತ್ರವೇ ಬೇಡ. ಯಾವುದಾದರೂ ಒಂದು ತಿಂಗಳ ಬಡ್ಡಿಯನ್ನು ಹಿಂದಿನ ಸಾಲಿನ ಬಾಕಿಯಿಂದ ಭಾಗಿಸಿ. 598 ಬಂದಿರುವುದು ಐದನೇ ತಿಂಗಳ ಬಾಕಿ 59,779ರ ಮೇಲೆ. ಭಾಗಿಸಿದರೆ ಶೇಕಡಾ 1. ಎಲ್ಲ ಸಾಲಿನಲ್ಲೂ ಅಷ್ಟೇ ಬರಬೇಕು.

ಕೊನೆ ಕಂತು ಒಂದು ರೂಪಾಯಿ ಕಮ್ಮಿ ಇದೆ. ಲೆಕ್ಕ ತಪ್ಪಾ?

ಇಲ್ಲ. ಪೈಸೆಗಳನ್ನು ರೂಪಾಯಿಗೆ ಹೊಂದಿಸಿದಾಗ ಉಳಿದ ಚೂರು ಕೊನೆಯ ಕಂತಿಗೆ ಬಂದು ಸೇರುತ್ತದೆ. ನೂರಾರು ರೂಪಾಯಿ ವ್ಯತ್ಯಾಸ ಇದ್ದರೆ ಮಾತ್ರ ಕೇಳಿ. ಕಂತು ತಡವಾಗಿರಬಹುದು, ಇಲ್ಲವೇ ದರ ಬದಲಾಗಿರಬಹುದು.

ಆರು ತಿಂಗಳು ಕಟ್ಟಿದೀನಿ. ಅರ್ಧ ಸಾಲ ತೀರಿರಬೇಕಲ್ವಾ?

ಇಲ್ಲ. ಮೇಲಿನ ಪಟ್ಟಿಯಲ್ಲಿ ಆರು ಕಂತಿನ ನಂತರವೂ 51,492 ಬಾಕಿ ಇದೆ. ಒಟ್ಟು ಬಡ್ಡಿ 6,619. ಅದರಲ್ಲಿ 4,802 ಮೊದಲ ಆರು ತಿಂಗಳಲ್ಲೇ ಹೋಗಿದೆ. "ಮೊದಲು ಬಡ್ಡಿನೇ ಹಿಡ್ಕೋತಾರೆ" ಎಂದು ಜನ ಬೈಯುವುದು ಇದಕ್ಕೇ. ಆದರೆ ಇದರಲ್ಲಿ ಮೋಸ ಇಲ್ಲ. ಮೊದಲು ಬಾಕಿ ಜಾಸ್ತಿ, ಅದಕ್ಕೆ ಬಡ್ಡಿ ಜಾಸ್ತಿ.

ಒಂದು ವರ್ಷದ ಸಾಲದಲ್ಲಿ ಇದು ಕಣ್ಣಿಗೆ ಅಷ್ಟು ಬೀಳುವುದಿಲ್ಲ. ಮನೆ ಸಾಲಕ್ಕೆ ಬನ್ನಿ. ಶೇಕಡಾ 9, 20 ವರ್ಷ. ಒಂದು ಲಕ್ಷಕ್ಕೆ ಕಂತು 900 ರೂಪಾಯಿ. ಮೊದಲ ತಿಂಗಳು ಅದರಲ್ಲಿ 750 ಬಡ್ಡಿಗೆ, 150 ಅಸಲಿಗೆ. ಹತ್ತು ವರ್ಷ ಒಂದೂ ತಪ್ಪದೆ ಕಟ್ಟಿದ ಮೇಲೂ ಲಕ್ಷಕ್ಕೆ ಸುಮಾರು 71,000 ಬಾಕಿ ಇರುತ್ತದೆ. ಈ ಸಂಖ್ಯೆ ಹೇಳಿದಾಗ ಎದುರಿಗಿದ್ದವರು ನನ್ನನ್ನೇ ಅನುಮಾನದಿಂದ ನೋಡಿದ್ದುಂಟು.

ಅಲ್ಲೂ 12 ಪರ್ಸೆಂಟು, ಇಲ್ಲೂ 12 ಪರ್ಸೆಂಟು. ಆದ್ರೆ ಇವರು ಕಂತು 9,333 ಅಂತಾರೆ. ಯಾಕೆ?

ಇವರದ್ದು ಫ್ಲಾಟ್ ದರ. ಒಂದು ಲಕ್ಷಕ್ಕೆ ವರ್ಷಕ್ಕೆ 12,000 ಬಡ್ಡಿ ಎಂದು ಮೊದಲೇ ಸೇರಿಸಿ, 1,12,000ವನ್ನು 12ರಿಂದ ಭಾಗಿಸಿದ್ದಾರೆ. ನೀವು ಪ್ರತಿ ತಿಂಗಳು ಅಸಲು ವಾಪಸ್ ಕೊಡುತ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೆಯೇ ನಿಂತಿರುತ್ತದೆ. ಹನ್ನೊಂದನೇ ತಿಂಗಳು ನಿಮ್ಮ ಹತ್ತಿರ ಅವರ ಹಣ ಉಳಿದಿರುವುದು ಹೆಚ್ಚೆಂದರೆ ಎರಡು ಕಂತಿನಷ್ಟು. ಬಡ್ಡಿ ಮಾತ್ರ ಲಕ್ಷಕ್ಕೆ.

ನಾನೂ ಒಮ್ಮೆ ಹೀಗೆ ಬಿದ್ದಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಲದ ಮೇಲೆ ಬೈಕು ತೆಗೆದುಕೊಂಡೆ. ದಿನವಿಡೀ ಬೇರೆಯವರ ಬಡ್ಡಿ ಲೆಕ್ಕ ಹಾಕುವವನು ನನ್ನ ಕಾಗದವನ್ನು ಓದದೆ ಸಹಿ ಮಾಡಿದೆ. ಎರಡನೇ ವರ್ಷ ಬಾಕಿ ಎಷ್ಟು ಎಂದು ಕೂತು ನೋಡಿದಾಗಲೇ ತಿಳಿದದ್ದು.

ನಿಜವಾದ ದರ ತಿಳಿಯಲು ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. 9,333ರ 12 ಕಂತುಗಳ ಇವತ್ತಿನ ಬೆಲೆ ಯಾವ ದರದಲ್ಲಿ ಒಂದು ಲಕ್ಷ ಆಗುತ್ತದೆ? ಕೈಯಲ್ಲಿ ಮಾಡಿದರೆ ಊಹಿಸಿ ಊಹಿಸಿ ಹತ್ತಿರ ಹೋಗಬೇಕು. ಎಕ್ಸೆಲ್‌ನಲ್ಲಿ:

```
=RATE(12, -9333, 100000)*12
```

ಉತ್ತರ ಸುಮಾರು ಶೇಕಡಾ 21.5. ಅದೇ 12 ಎನ್ನುವ ಮಾತಿನ ಒಳಗೆ ಇಷ್ಟು ಅಡಗಿದೆ. ಎಕ್ಸೆಲ್ ಇಲ್ಲದಿದ್ದರೆ ಒಂದು ಅಂದಾಜು: ಒಂದು ವರ್ಷದ ಸುತ್ತಮುತ್ತಲ ಸಾಲಕ್ಕೆ ಫ್ಲಾಟ್ ದರವನ್ನು 1.8ರಿಂದ ಗುಣಿಸಿ. ತೀರಾ ದೂರ ಹೋಗುವುದಿಲ್ಲ.

ಮೊದಲ ಕಂತು ಹಿಡ್ಕೊಂಡೇ ದುಡ್ಡು ಕೊಟ್ರು. ಹೇಗಿದ್ರೂ ಕಟ್ಟಬೇಕಾದ್ದೇ ತಾನೆ, ಏನಾಯ್ತೀಗ?

ಕೈಗೆ ಬಂದಿದ್ದು 91,115. ಕಟ್ಟಬೇಕಾದ್ದು ಇನ್ನು 11 ಕಂತು. ಇದು ಮುಂಗಡ ಆನ್ಯುಯಿಟಿ ಆಯಿತು. ದರ ನಿಜವಾಗಿ 12 ಆಗಿದ್ದರೆ ಮುಂಗಡ ಕಂತು 8,885 ಅಲ್ಲ, ಅದನ್ನು 1.01ರಿಂದ ಭಾಗಿಸಿ 8,797 ಇರಬೇಕಿತ್ತು. ಕಂತು ಇಳಿಸದೆ ಮೊದಲೇ ಹಿಡಿದುಕೊಂಡದ್ದರಿಂದ ದರ 14 ದಾಟುತ್ತದೆ.

ಶುಲ್ಕವೂ ಹೀಗೇ ಕೆಲಸ ಮಾಡುತ್ತದೆ. ಲಕ್ಷಕ್ಕೆ 2,000 ಮುರಿದು 98,000 ಕೈಗೆ ಕೊಟ್ಟು, ಕಂತು ಮಾತ್ರ 8,885ರಂತೆ 12 ತಿಂಗಳು ಕಟ್ಟಿಸಿಕೊಂಡರೆ 12 ಎನ್ನುವುದು ಸುಮಾರು 15.9 ಆಗುತ್ತದೆ. ಅವಧಿ ಚಿಕ್ಕದಾದಷ್ಟೂ ಶುಲ್ಕದ ಏಟು ದೊಡ್ಡದು. ಅದೇ 2,000 ಐದು ವರ್ಷಕ್ಕೆ ಹಂಚಿದರೆ ಇಷ್ಟು ನೋಯುವುದಿಲ್ಲ.

ಇದನ್ನೆಲ್ಲ ನೀವೇ ಹುಡುಕಬೇಕಾಗಿಲ್ಲ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಮತ್ತು ಫೈನಾನ್ಸ್ ಕಂಪನಿಗಳು ಹೊಸ ಚಿಲ್ಲರೆ ಸಾಲಕ್ಕೆ, ಸಣ್ಣ ಉದ್ಯಮದ ಅವಧಿ ಸಾಲಕ್ಕೆ ಮುಖ್ಯಾಂಶಗಳ ಪತ್ರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದರಲ್ಲಿ APR ಎಂಬ ಸಾಲು ಇರುತ್ತದೆ. ಶುಲ್ಕ ಸೇರಿಸಿದ ವಾರ್ಷಿಕ ದರ ಅದು. ಕಂತಿನ ಪಟ್ಟಿಯೂ ಜೊತೆಗಿರಬೇಕು. ಎರಡು ಕಡೆ ಸಾಲ ಕೇಳಿದ್ದರೆ ಈ ಒಂದು ಸಾಲನ್ನು ಅಕ್ಕಪಕ್ಕ ಇಟ್ಟು ನೋಡಿ. ಊರಿನ ಕೈಸಾಲಕ್ಕೆ ಈ ಪತ್ರ ಇರುವುದಿಲ್ಲ, ಅಲ್ಲಿ ಲೆಕ್ಕ ನಿಮ್ಮದೇ.

ಬೆಳೆ ದುಡ್ಡು 20,000 ಬಂದಿದೆ. ಈಗಲೇ ಸಾಲಕ್ಕೆ ಹಾಕ್ಲಾ, ಆರು ತಿಂಗಳು ಬಿಟ್ಟು ಹಾಕ್ಲಾ?

ಬಡ್ಡಿಯನ್ನಷ್ಟೇ ನೋಡುವುದಾದರೆ ಈಗಲೇ. ನಮ್ಮ ಸಾಲದಲ್ಲಿ ಮೊದಲ ಕಂತಿನ ಜೊತೆಗೇ 20,000 ಹೆಚ್ಚಿಗೆ ಕಟ್ಟಿ, ಕಂತನ್ನು ಹಾಗೇ ಇಟ್ಟರೆ ಸಾಲ ಹತ್ತನೇ ತಿಂಗಳಿಗೇ ಮುಗಿಯುತ್ತದೆ. ಬಡ್ಡಿಯಲ್ಲಿ 2,136 ಉಳಿತಾಯ. ಅದೇ ಹಣ ಆರನೇ ಕಂತಿನ ಜೊತೆ ಕಟ್ಟಿದರೂ ಮುಗಿಯುವುದು ಹತ್ತನೇ ತಿಂಗಳಿಗೇ, ಆದರೆ ಉಳಿತಾಯ 1,075 ಮಾತ್ರ.

ಇಲ್ಲಿ ಒಂದು ಮಾತು. ಆರು ತಿಂಗಳು ಹಣ ಸುಮ್ಮನೆ ಕೂತಿದ್ದರೆ ಮಾತ್ರ ಅದು ನಷ್ಟ. ಹಿಂಡಿ, ಬೂಸಾಕ್ಕೆ ಕೈಯಲ್ಲಿ ಕಾಸಿಲ್ಲದೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ಮಾಡುವಂತಾದರೆ, ಒಂದು ರೂಪಾಯಿ ಬಡ್ಡಿಯ ಸಾಲ ತೀರಿಸಲು ಓಡಿದ್ದು ತಪ್ಪು ಲೆಕ್ಕ. ಕಟ್ಟುವ ಮುಂಚೆ ಎರಡು ವಿಷಯ ಬರವಣಿಗೆಯಲ್ಲಿ ಕೇಳಿ. ಮುಂಚಿತ ಪಾವತಿಗೆ ಶುಲ್ಕ ಇದೆಯಾ? ಹಾಕಿದ ಹಣ ಅಸಲಿಗೆ ಕಳೆಯುತ್ತದಾ, ಇಲ್ಲ ಮುಂದಿನ ಕಂತುಗಳ ಮುಂಗಡ ಎಂದು ಕೂರುತ್ತದಾ? ಎರಡನೆಯದು ಆದರೆ ಬಡ್ಡಿ ಇಳಿಯುವುದಿಲ್ಲ. ಮುಂದಿನ ತಿಂಗಳ ಪಟ್ಟಿಯಲ್ಲಿ ಬಾಕಿ 20,000 ಹೆಚ್ಚಿಗೆ ಇಳಿದಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ.

### ಕೊನೆಯಿಲ್ಲದ ಕಂತು

ಅಸಲು ಕೇಳ್ತಿಲ್ಲ, ಬಡ್ಡಿ ಮಾತ್ರ ಕಟ್ಕೊಂಡು ಹೋಗಿ ಅಂತಾರೆ. ಒಳ್ಳೇದೇ ಅಲ್ವಾ?

ಅವರಿಗೆ ಒಳ್ಳೆಯದು. ಕೊನೆಯೇ ಇಲ್ಲದೆ ಬರುತ್ತಲೇ ಇರುವ ಕಂತಿಗೆ ಪರ್ಪೆಚುಯಿಟಿ ಎಂದು ಹೆಸರು. ಲಕ್ಷಕ್ಕೆ ತಿಂಗಳಿಗೆ 2,000 ಬಡ್ಡಿ ಕಟ್ಟುತ್ತಾ ಹೋದರೆ ನೀವು ಅವರಿಗೆ ಒಂದು ಪರ್ಪೆಚುಯಿಟಿ ಬರೆದುಕೊಟ್ಟಂತೆ. ಐವತ್ತು ತಿಂಗಳಲ್ಲಿ ಒಂದು ಲಕ್ಷ ಕೊಟ್ಟಿರುತ್ತೀರಿ. ಸಾಲ ಆಗಲೂ ಒಂದು ಲಕ್ಷವೇ.

ಅದೇ ಶೇಕಡಾ 2ರ ಸಾಲಕ್ಕೆ ತಿಂಗಳಿಗೆ 3,000 ಕಟ್ಟಿ. 56ನೇ ತಿಂಗಳಿಗೆ ಮುಗಿಯುತ್ತದೆ. 4,000 ಕಟ್ಟಿದರೆ 35 ತಿಂಗಳಿಗೆ ಹೆಚ್ಚು ಕಡಿಮೆ ತೀರಿತು. ಬಡ್ಡಿಯ ಗೆರೆ ದಾಟಿದ ಮೇಲೆ ಕಟ್ಟುವ ಒಂದೊಂದು ನೂರೂ ಅಸಲಿಗೆ ಬೀಳುತ್ತದೆ. 2,000ಕ್ಕಿಂತ ಕಮ್ಮಿ ಕಟ್ಟಿದರೆ ಉಳಿದ ಬಡ್ಡಿ ಅಸಲಿಗೆ ಸೇರಿ ಸಾಲವೇ ಬೆಳೆಯುತ್ತದೆ.

ಅಪ್ಪನ ಹೆಸರಲ್ಲಿ ಶಾಲೇಲಿ ವರ್ಷಾವರ್ಷ 5,000 ಬಹುಮಾನ ಇಡಬೇಕು. ಎಷ್ಟು ಠೇವಣಿ ಇಡಲಿ?

ದತ್ತಿ ನಿಧಿ ನಮ್ಮ ಕಡೆಯ ಪರ್ಪೆಚುಯಿಟಿ. ಮುಜರಾಯಿ ದೇವಸ್ಥಾನಗಳಿಗೆ ಬರುವ ತಸ್ತೀಕು ಕೂಡ ಅದೇ ಜಾತಿ. ಸೂತ್ರ ಇಷ್ಟು ಚಿಕ್ಕದು. PV ಪ್ರಸಕ್ತ ಮೌಲ್ಯ, C ವರ್ಷದ ಬಹುಮಾನ, r ಇಲ್ಲಿ ವರ್ಷದ ದರ:

```
PV = C / r = 5000 / 0.06 = 83333
```

ಠೇವಣಿಗೆ ಶೇಕಡಾ 6 ಸಿಗುತ್ತದೆ ಎಂದಿಟ್ಟುಕೊಂಡಿದ್ದೇನೆ. ಇದು ಮೊದಲ ಬಹುಮಾನ ಒಂದು ವರ್ಷದ ನಂತರ ಎಂಬ ಲೆಕ್ಕ. ಈ ವರ್ಷವೇ ಕೊಡಬೇಕಾದರೆ ಇನ್ನೊಂದು 5,000 ಸೇರಿಸಿ.

ಎರಡು ಕಡೆ ಇದು ಕೈ ಕೊಡುತ್ತದೆ. ಒಂದು, ದರ ಯಾವಾಗಲೂ 6 ಇರುವುದಿಲ್ಲ. 5ಕ್ಕೆ ಇಳಿದರೆ ಬಡ್ಡಿ 4,167 ಮಾತ್ರ, ಬಹುಮಾನಕ್ಕೆ ಸಾಲದು. ಇನ್ನೊಂದು, 5,000ಕ್ಕೆ ಮುಂದೆ ಇವತ್ತಿನ ಬೆಲೆ ಇರುವುದಿಲ್ಲ. ಹಳೆಯ ಶಾಲೆಗಳ ದತ್ತಿ ಪಟ್ಟಿಯಲ್ಲಿ ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಬಹುಮಾನ ನೋಡಿದ್ದೀರಲ್ಲ, ಅದೇ ಕಥೆ. ವರ್ಷಕ್ಕೆ ಶೇಕಡಾ 3ರಂತೆ ಬಹುಮಾನ ಬೆಳೆಯಲಿ ಎಂದರೆ ದರದಲ್ಲಿ ಆ 3 ಕಳೆದು ಭಾಗಿಸಬೇಕು: 5,000 ÷ 0.03, ಅಂದರೆ 1,66,667. ಠೇವಣಿ ಎರಡರಷ್ಟಾಯಿತು! ಬಹುಮಾನ ಬೆಳೆಯುವ ವೇಗ ಬಡ್ಡಿಗೆ ಸಮ ಅಥವಾ ಜಾಸ್ತಿ ಆದರೆ ಯಾವ ಠೇವಣಿಯೂ ಸಾಲುವುದಿಲ್ಲ, ಸೂತ್ರವೂ ನಡೆಯುವುದಿಲ್ಲ.

ಕೊನೆಯೇ ಇಲ್ಲದ ದುಡ್ಡಿಗೆ 83,333 ಅಂತ ಒಂದು ಬೆಲೆ ಹೇಗೆ ಸಾಧ್ಯ ಸಾರ್? ಲೆಕ್ಕ ಇಲ್ಲದಷ್ಟು ಆಗಬೇಕಲ್ವಾ?

ದೂರದ ಕಂತುಗಳ ಇವತ್ತಿನ ಬೆಲೆ ಸವೆಯುತ್ತಾ ಹೋಗುತ್ತದೆ. ಶೇಕಡಾ 6ರಲ್ಲಿ ಮೊದಲ 30 ವರ್ಷದ ಬಹುಮಾನಗಳ ಬೆಲೆಯೇ 68,824. ಆಮೇಲಿನ ಅಷ್ಟೂ ಕಾಲಕ್ಕೆ ಸೇರಿ ಉಳಿದದ್ದು 14,509 ಮಾತ್ರ.

ಈ ಕಳೆಯುವ ಲೆಕ್ಕದಲ್ಲೇ ಕಂತಿನ ಸೂತ್ರವೂ ಅಡಗಿದೆ. ಬಾಯಿಪಾಠ ಮಾಡುವ ಮಕ್ಕಳಿಗೆ ನಾನು ತೋರಿಸುವುದು ಇದನ್ನೇ. ತಿಂಗಳಿಗೆ 8,884.88 ಎಂದೆಂದಿಗೂ ಬರುತ್ತದೆ ಅನ್ನಿ. ಶೇಕಡಾ 1ರಲ್ಲಿ ಅದರ ಬೆಲೆ 8,88,488. ಅದೇ ಹಣ 12 ತಿಂಗಳು ಕಳೆದ ಮೇಲೆ ಶುರುವಾಗುವುದಾದರೆ ಇವತ್ತಿನ ಬೆಲೆ 7,88,488. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದು ಮೊದಲ 12 ಕಂತು. ಅದರ ಬೆಲೆ ಸರಿಯಾಗಿ ಒಂದು ಲಕ್ಷ, ನಮ್ಮ ಹಸುವಿನ ಸಾಲ.

ಪಟ್ಟಿಯಲ್ಲಿ ಅಸಲಿನ ಸಾಲು 7,885, 7,964 ಅಂತ ಏರುತ್ತಲ್ಲ, ಅದಕ್ಕೆ ಏನಾದ್ರೂ ಲೆಕ್ಕ ಇದೆಯಾ?

ಇದೆ. ಪ್ರತಿ ತಿಂಗಳ ಅಸಲು ಹಿಂದಿನದಕ್ಕಿಂತ ಶೇಕಡಾ 1 ಜಾಸ್ತಿ. 7,885ನ್ನು 1.01ರಿಂದ ಗುಣಿಸಿ ನೋಡಿ, 7,964 ಬರುತ್ತದೆ. ಫ್ಲಾಟ್ ಪಟ್ಟಿಯಲ್ಲಿ ಅಸಲು ಎಲ್ಲ ತಿಂಗಳೂ ಒಂದೇ ಇರುತ್ತದೆ. ಕಾಗದದಲ್ಲಿ ಏನೇ ಬರೆದಿರಲಿ, ಇದೊಂದರಿಂದಲೇ ಯಾವ ಸಾಲ ಎಂದು ಹಿಡಿಯಬಹುದು.

ಇನ್ನೂ ಒಂದಿದೆ, ನನಗೆ ತುಂಬಾ ಇಷ್ಟವಾದದ್ದು. ಹನ್ನೆರಡನೇ ಕಂತು 8,885ರ ಇವತ್ತಿನ ಬೆಲೆ ಹಾಕಿ. 7,885 ಬರುತ್ತದೆ. ಮೊದಲ ತಿಂಗಳ ಅಸಲೂ ಅದೇ! ಮೊದಲ ಕಂತಿನ ಇವತ್ತಿನ ಬೆಲೆ 8,797, ಕೊನೆಯ ತಿಂಗಳ ಅಸಲು 8,796. ಒಂದು ರೂಪಾಯಿ ಪೈಸೆ ಹೊಂದಿಸಿದ್ದರ ವ್ಯತ್ಯಾಸ. ಅಸಲಿನ ಸಾಲನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಅದು ಕಂತುಗಳ ಪ್ರಸಕ್ತ ಮೌಲ್ಯದ ಪಟ್ಟಿ. ಪುರುಸೊತ್ತು ಇದ್ದಾಗ ನಿಮ್ಮದೇ ಸಾಲದ ಪಟ್ಟಿ ತೆಗೆದು ನೋಡಿ. ದರ ಮಧ್ಯೆ ಬದಲಾಗಿದ್ದರೆ ಮಾತ್ರ ಇದು ಹೊಂದುವುದಿಲ್ಲ.